ನೋಡದೆ ಸಾಕ್ಷಿಯಾದ ಭಗವಂತರಾಯ

ಭಗವಂತರಾಯರಿಗೆ ಶತ್ರುಗಳೇ ಇಲ್ಲ ಎಂದು ಶಹಾಪುರದಲ್ಲಿ ಹೊಗಳುತ್ತಾರೆ. ಯಾರು ಏನು ಕೇಳಿದರೂ ಇಲ್ಲವೆನ್ನದ ಮನುಷ್ಯನಿಗೆ ಶತ್ರುಗಳು ಹುಟ್ಟುವುದಾದರೂ ಹೇಗೆ? ಬಾಗಿಲಿಲ್ಲದ ಮನೆಯನ್ನು ಯಾರೂ ಬೈಯುವುದಿಲ್ಲ, ಎಲ್ಲರೂ ನುಗ್ಗುತ್ತಾರೆ ಅಷ್ಟೆ.

ಸುರಪುರದ ಕಡೆಯ ಹಳ್ಳಿಯಿಂದ ಬಂದು, ಫಾರ್ಮಸಿ ಡಿಪ್ಲೊಮಾ ಮುಗಿಸಿ, ಊರಿನ ಒಂದು ಧರ್ಮಾರ್ಥ ಆಸ್ಪತ್ರೆಯ ಔಷಧ ಕೋಣೆಗೆ ಸೇರಿದವರು ಇಂದಿಗೂ ಅಲ್ಲೇ ಇದ್ದಾರೆ. ಸಬ್‌ರಿಜಿಸ್ಟ್ರಾರ್ ಕಚೇರಿ ಹತ್ತಿರದಲ್ಲೇ ಇದೆ. ಹೊಲ ಮಾರುವವರಿಗೆ ಸಾಕ್ಷಿ ಕಡಿಮೆಬಿದ್ದರೆ ಭಗವಂತರಾಯರಿಗೆ ಕರೆ ಬರುತ್ತಿತ್ತು. ಹೊಲ ಎಲ್ಲಿದೆ, ಮಾರುವವನು ಯಾರು ಎಂದು ಕೇಳುವುದು ಅವರ ಪ್ರಕಾರ ಅಸಭ್ಯತೆ. ಸಹಿ ಹಾಕಿ, ಚಹಾ ಕುಡಿದು, ಮರಳಿ ಬಂದು ಬಿಳಿ ಕೋಟು ತೊಡುತ್ತಿದ್ದರು. ಒಮ್ಮೆ ಕಣ್ಣಾರೆ ಕಾಣದ ವಧೂವರರ ವಿವಾಹ ನೋಂದಣಿಗೂ ಸಾಕ್ಷಿಯಾದರು. ಇದನ್ನು ಅವರೇ ನಗುತ್ತ ಹೇಳಿಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ಕ್ಯಾನ್ಸರ್ ನೋವಿನವರಿಗೆಂದು ಒಂದು ಸಣ್ಣ ವಾರ್ಡು ತೆರೆದು, ಮಾರ್ಫಿನ್ ಗುಳಿಗೆ ಇಡಲು ಮಾನ್ಯತೆ ಪಡೆದಾಗ, ಗುಳಿಗೆಯ ಲೆಕ್ಕಕ್ಕೆ ನರ್ಸಿನ ಸಹಿಯ ಜೊತೆ ಸಾಕ್ಷಿಯಾಗಿ ಹಾಕುವ ಹಗಲಿನ ಎರಡನೆಯ ಸಹಿ ಇವರ ಪಾಲಿಗೆ ಬಂತು. ಇಂಥ ಸಹಿಗೆ ಇಂಥ ಮನುಷ್ಯ! ಹಿರಿಯ, ಸಜ್ಜನ, ಎಲ್ಲರಿಗೂ ಬೇಕಾದವರು ಎಂಬ ಮೂರು ಗುಣ ನೋಡಿ ಆಯ್ಕೆ ಮಾಡಿದರಂತೆ. ಕಣ್ಣು ತೆರೆದು ನಿಲ್ಲುವ ಗುಣ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ.

ಕೆಲಸವೇನೂ ಕಷ್ಟದ್ದಲ್ಲ. ಕಪಾಟಿಗೆ ಎರಡು ಬೀಗ. ಒಂದು ಕೀ ನರ್ಸ್ ಬಳಿ, ಇನ್ನೊಂದು ಭಗವಂತರಾಯರ ಬಳಿ. ಗುಳಿಗೆ ತೆಗೆದಾಗ ಇಬ್ಬರೂ ಎಣಿಸಿ ನೋಡಬೇಕು. ಯಾವ ರೋಗಿಗೆ, ಯಾವ ಹೊತ್ತಿಗೆ, ಎಷ್ಟು ಕೊಟ್ಟದ್ದು, ಎಷ್ಟು ಹಾಳುಮಾಡಿದ್ದು, ಉಳಿದದ್ದೆಷ್ಟು ಎಂದು ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಹತ್ತು ಮಿಲಿಗ್ರಾಮಿನ ಗುಳಿಗೆಯಲ್ಲಿ ಐದೇ ಕೊಡಬೇಕಿದ್ದರೆ ಮುರಿದು ಉಳಿದ ಅರ್ಧವನ್ನು ಮುಂದಿನ ಸಲಕ್ಕೆ ಎತ್ತಿಡುವಂತಿಲ್ಲ. ಸಾಕ್ಷಿಯ ಎದುರಿಗೇ ಅರೆದು, ಮುಚ್ಚಳದ ಡಬ್ಬಿಯ ಸಾಬೂನು ನೀರಿಗೆ ಹಾಕಿ ಯಾರಿಗೂ ಉಪಯೋಗಕ್ಕೆ ಬಾರದಂತೆ ಮಾಡಬೇಕು. ಎರಡನೆಯ ಸಹಿಯ ಅರ್ಥ ಒಂದೇ: ನಾನು ನೋಡಿದೆ.

ಮೊದಮೊದಲು ನರ್ಸ್ ನಾಗಲಕ್ಷ್ಮಿ ಪ್ರತಿ ಸಲವೂ ಅವರನ್ನು ಕರೆಯುತ್ತಿದ್ದಳು.

"ಭಗವಂತಣ್ಣ, ಬರ್ರಿ. ಗುಳಿಗಿ ಮುರೀಬೇಕು, ನಿಮ್ಮ ಎದುರಿಗಿ ಆಗಬೇಕು."

"ನಿನ್ನ ಮ್ಯಾಲ ನಂಬಿಕಿ ಅದವ್ವಾ. ನಾ ನಿಂತು ನೋಡಿದ್ರ ನಿನ್ನ ಕಳ್ಳಿ ಅಂದಂಗ ಆಗ್ತದ. ಆ ರಿಜಿಸ್ಟರ್ ತಾ ಇಲ್ಲಿ."

ಹೀಗೆಂದು ಅವರು ಅಂದಿನ ಸಾಲಿಗೆ ಮಾತ್ರವಲ್ಲ, ಕೆಳಗಿನ ಖಾಲಿ ಸಾಲುಗಳಿಗೂ ಪುಟದ ಕೊನೆಯವರೆಗೆ ಸಹಿ ಹಾಕಿಕೊಟ್ಟರು. ತಮ್ಮ ಕೀಯನ್ನೂ ಅವಳ ಕೀಗೊಂಚಲಿಗೇ ಸೇರಿಸಿದರು. ಎರಡು ಬೀಗ ಒಂದಾಯಿತು, ಇಬ್ಬರು ಒಬ್ಬರಾದರು. ನಾಗಲಕ್ಷ್ಮಿಗೂ ಅದು ಅನುಕೂಲವೆನಿಸಿತು. ಇನ್ನೂ ನಡೆಯದ ಸಂಗತಿಗೆ ಬಿದ್ದ ಸಹಿಯ ಪಕ್ಕದಲ್ಲಿ ದಿನಾ ತನ್ನ ಹೆಸರು ಬರೆದವಳನ್ನು ಅಮಾಯಕಿ ಎನ್ನುವುದು ಸುಳ್ಳು. ಆದರೆ ಅವಳು ಗುಳಿಗೆ ಕದ್ದವಳಲ್ಲ.

ಕೃಷ್ಣೆಯ ದಂಡೆಯ ಊರಿನ ತಿಮ್ಮವ್ವ ಆ ವಾರ್ಡಿನ ರೋಗಿ. ಅವಳಿಗೆ ಅರ್ಧರ್ಧ ಗುಳಿಗೆ. ನೋವು ತಗ್ಗುತ್ತಿರಲಿಲ್ಲವಾಗಿ ವಾರ್ಡಿನ ಡಾಕ್ಟರ್ ಮಲ್ಲೇಶ್ವರಿ ಪ್ರಮಾಣ ಹೆಚ್ಚಿಸುವ ಯೋಚನೆಯಲ್ಲಿದ್ದರು. ಅಂಥ ಒಂದು ಮಧ್ಯಾಹ್ನ ಕಸಗುಡಿಸುವ ಸರದಾರಸಾಬ ಅವಳ ಹಾಸಿಗೆಯ ಕೆಳಗೆ ಮಡಚಿದ ಕಾಗದ ಕಂಡು ಡಾಕ್ಟರಿಗೆ ತಂದುಕೊಟ್ಟ. ಒಳಗೆ ಅರ್ಧ ಮಾರ್ಫಿನ್ ಗುಳಿಗೆ.

ರಿಜಿಸ್ಟರಿನ ಪ್ರಕಾರ ಅಂಥ ಅರ್ಧ ಗುಳಿಗೆ ಲೋಕದಲ್ಲೇ ಇರಬಾರದು. ಒಂದರ್ಧ ರೋಗಿಯ ಹೊಟ್ಟೆಯಲ್ಲಿ, ಇನ್ನೊಂದರ್ಧ ಸಾಬೂನು ನೀರಿನಲ್ಲಿ. ಹಾಳುಮಾಡಿದೆ ಎಂದು ಬರೆದದ್ದನ್ನು ನಾಗಲಕ್ಷ್ಮಿ ಎತ್ತಿಟ್ಟು ಮಾರುತ್ತಿದ್ದಾಳೆ ಎಂದು ಚಹಾದ ಹೊತ್ತಿಗೆ ಆಸ್ಪತ್ರೆಯೆಲ್ಲ ತೀರ್ಮಾನಿಸಿತು. ಅವಳಿಗೆ ಕೆಲಸ ಹೋಗುವುದಷ್ಟೇ ಅಲ್ಲ, ಮಾದಕ ದ್ರವ್ಯದ ಕೇಸೂ ಬೀಳುವುದಿತ್ತು.

ಡಾಕ್ಟರು ಮೊದಲು ಅವಳನ್ನು ಕೇಳಿದರು. ಚಮಚದಲ್ಲಿ ಅರೆದು ಡಬ್ಬಿಗೆ ಹಾಕಿದೆ ಎಂದಳು. ಅವಳನ್ನು ಹೊರಗೆ ಕೂರಿಸಿ ಭಗವಂತರಾಯರನ್ನು ಕರೆಸಿದರು.

"ನೀವು ನೋಡೀರೇನ್ರಿ?"

"ನೋಡೀನ್ರಿ ಮೇಡಂ. ನಂದು ಸಹಿ ಅದಲ್ರಿ."

"ಉಳಿದ ಅರ್ಧ ಏನ್ ಮಾಡಿದ್ಲು?"

ಪರೋಪಕಾರಿ ಒಂದು ಕ್ಷಣವೂ ತಡಮಾಡಲಿಲ್ಲ. "ಸಿಂಕಿನಾಗ ಒಗದು ನಳ ಬಿಟ್ಟಾಳ್ರಿ. ನಾ ಅಲ್ಲೇ ನಿಂತಿದ್ದೆ. ಭಾಳ ಛಲೋ ಹುಡುಗಿ ಅದಾಳ್ರಿ."

ನಾಗಲಕ್ಷ್ಮಿಯನ್ನು ಉಳಿಸಲು ಹೇಳಿದ ಈ ಸುಳ್ಳು ಅವಳ ನಿಜವನ್ನೇ ಸುಳ್ಳು ಮಾಡಿತು. ಕಳ್ಳನಿಗಾದರೆ ತಾನೇನು ಮಾಡುತ್ತಿದ್ದೇನೆಂಬ ಅರಿವಿರುತ್ತದೆ. ಒಳ್ಳೆಯವನೆನಿಸಿಕೊಳ್ಳುವ ಚಟದವನಿಗೆ ಅದೂ ಇರುವುದಿಲ್ಲ.

ಹೊರಗೆ ಬೆಂಚಿನ ಮೇಲೆ ನಾಗಲಕ್ಷ್ಮಿ ಅಳುತ್ತಿದ್ದಳು. ಅದನ್ನು ಕೇಳಿ ವಾರ್ಡಿನೊಳಗಿಂದ ತಿಮ್ಮವ್ವ ಕೂಗಿದಳು. ಡಾಕ್ಟರು ಎದ್ದು ಅವಳ ಹಾಸಿಗೆಯ ಬಳಿ ಹೋದರು.

"ಆ ಹುಡುಗಿನ ಯಾಕ ಅಳಸಾಕತ್ತೀರಿ? ಚೀಟಿನಾಗಿಂದು ನಂದು."

"ನಿಂದಂದ್ರ?"

"ನನಗ ಕೊಟ್ಟಿದ್ದೇ. ಅರ್ಧ ನನಗ ಕೊಡ್ತಾಳ, ಅರ್ಧ ಚಮಚದಾಗ ಅರದು ಸಾಬೂನ್ ನೀರಿಗಿ ಹಾಕ್ತಾಳ. ದಿನಾ ನೋಡ್ತೀನಿ. ಹಿಂಗ ಹಾಳ ಮಾಡಿದ್ರ ನಾಳಿಗಿ ಎಲ್ಲಿಂದ ಬರ್ತದವ್ವಾ? ಅದಕ್ಕ ನಾಲಿಗಿ ಬುಡಕ ಇಟ್ಟು, ಆಕಿ ಹೋದ ಮ್ಯಾಲ ತಗದಿಟ್ಟೀನಿ. ಜಾಸ್ತಿ ನೋವು ಬಂದಾಗ ಬೇಕಲ್ಲ. ಹಿಂದ ಇಟ್ಟಿದ್ದೂ ಹಂಗೇ ನುಂಗೀನಿ."

ಡಾಕ್ಟರು ಕಾಗದ ಬಿಚ್ಚಿ ನೋಡಿದರು. ಗುಳಿಗೆಯ ಅಂಚು ಕರಗಿತ್ತು, ಕಾಗದಕ್ಕೆ ಎಂಜಲಿನ ಕಲೆ ಹತ್ತಿತ್ತು. ನೋವು ತಗ್ಗದೆ ಇದ್ದದ್ದೇಕೆಂದೂ ತಿಳಿಯಿತು. ಹೀಗೆಯೇ ಕೂಡಿಡುತ್ತ ಹೋಗಿ, ಹೆಚ್ಚಿಸಿದ ಗುಳಿಗೆಯ ಮೇಲೆ ಅದನ್ನೆಲ್ಲ ಒಮ್ಮೆಗೇ ನುಂಗಿದ್ದರೆ ಮುದುಕಿ ಏಳುತ್ತಿರಲಿಲ್ಲ.

"ಅರೀವಾಗ ಭಗವಂತರಾಯ ಎದುರಿಗಿ ಇರ್ತಾರೇನು?"

"ಯಾರು, ಆ ಕಣ್ಣಿಗಿ ಚಾಳೀಸು ಹಾಕ್ಕೊಂಡ ಅಣ್ಣನಾ? ಬಾಗಿಲ ಮುಂದ ಹಾದು ಹೋಗೂದು ನೋಡೀನಿ. ಒಳಗ ಬಂದ್ರ ಅವನಿಗಿ ನಮ್ಮ ಬ್ಯಾನಿ ಹತ್ತಿಗೊಳ್ತದೇನೋ!"

ಅಲ್ಲಿಗೆ ಕಳವಿನ ಮಾತು ಮುಗಿಯಿತು. ಆ ಅರ್ಧವನ್ನು ಡಾಕ್ಟರೂ ಇನ್ನೊಬ್ಬ ನರ್ಸ್ ಮಲ್ಲಿಕಮ್ಮಳೂ ಎದುರುಬದುರು ನಿಂತು ಹಾಳುಮಾಡಿ, ಸಿಕ್ಕಿದ್ದೆಲ್ಲಿ ಎಂಬುದರೊಂದಿಗೆ ಹೊಸ ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿದರು. ಹಳೆಯ ಬರಹವನ್ನು ಅಳಿಸಲಿಲ್ಲ. ಮೊದಲೇ ಸಹಿ ಬಿದ್ದಿದ್ದ ಖಾಲಿ ಸಾಲುಗಳಿಗೆ ಒಂದೊಂದು ಗೆರೆ ಎಳೆದು, ರದ್ದು ಎಂದು ಬರೆದು, ತಾರೀಖಿನೊಂದಿಗೆ ಅದಕ್ಕೂ ಇಬ್ಬರ ಸಹಿ. ರೋಗಿ ನುಂಗಿದಳೇ ಎಂದು ನೋಡದ್ದಕ್ಕೂ, ಸಾಕ್ಷಿಯಿಲ್ಲದೆ ಅರೆದದ್ದಕ್ಕೂ ನಾಗಲಕ್ಷ್ಮಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಕೀ ಹೋಯಿತು, ಕೆಲಸ ಉಳಿಯಿತು. ಅಷ್ಟು ನ್ಯಾಯವಾದದ್ದೇ.

ಭಗವಂತರಾಯರ ಎರಡನೆಯ ಸಹಿಯ ಅಧಿಕಾರವನ್ನು ಕಿತ್ತುಕೊಂಡಾಗ ಅವರಿಗೆ ನಿಜವಾಗಿಯೂ ನೋವಾಯಿತು. "ಇಷ್ಟ್ ವರ್ಷ ಯಾರಿಗೂ ಇಲ್ಲ ಅಂದವ ಅಲ್ರಿ ನಾ," ಎಂದರು. ಅವರ ಮೇಲಿನ ಆರೋಪವೂ ಅದೇ ಎಂಬುದು ಹೊಳೆಯಲಿಲ್ಲ.

ಡಾಕ್ಟರು ಅವರ ಹೇಳಿಕೆ ಬರೆಸಿದರು: ಹಾಳುಮಾಡಿದ ಯಾವ ಗುಳಿಗೆಯನ್ನೂ ನಾನು ನೋಡಿಲ್ಲ, ನೋಡದೆಯೇ ಸಹಿ ಮಾಡಿದ್ದೇನೆ. ಹಾಳೆ ಮುಂದಿಟ್ಟು, "ಓದ್ರಿ," ಎಂದರು.

"ಓದೂದು ಯಾಕ್ರಿ ಮೇಡಂ? ನಿಮ್ಮ ಮ್ಯಾಲ ನಂಬಿಕಿ ಅದ."

ಜೇಬಿನಿಂದ ಪೆನ್ನು ತೆಗೆದು, ಸುತ್ತುಸುತ್ತಾದ ಚಂದದ ಸಹಿ ಹಾಕಿದರು. ಪಕ್ಕದಲ್ಲಿ ಸಾಕ್ಷಿಗೆಂದು ಬಿಟ್ಟ ಜಾಗವಿತ್ತು. ಮಲ್ಲಿಕಮ್ಮಳನ್ನು ಕರೆಯಲೆಂದು ಡಾಕ್ಟರು ಬಾಗಿಲಿನತ್ತ ತಿರುಗಿದರು. ಮರಳಿ ನೋಡುವಷ್ಟರಲ್ಲಿ ಅಲ್ಲಿಯೂ ಅದೇ ಸಹಿ ಬಿದ್ದಿತ್ತು.

"ಇಲ್ಲಿ ಬ್ಯಾರೆ ಯಾರೂ ಇದ್ದಿಲ್ಲಲ್ರಿ," ಎಂದರು ಭಗವಂತರಾಯರು, ಪೆನ್ನಿನ ಟೋಪಿ ಹಾಕುತ್ತ. "ಸುಮ್ನ ನಿಮಗ್ಯಾಕ ತಕಲೀಫು ಅಂತ ನಾನೇ ಹಾಕೀನಿ."