ಹೋಗಬೇಡ ಎನ್ನುವ ಗುಬ್ಬಿ

ಮಕ್ಕಳ ಗ್ರಂಥಾಲಯದ ಟ್ಯಾಬ್‌ಗಳಲ್ಲಿ ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು ಎಂದು ಪರೀಕ್ಷಿಸಿ ಹೇಳುವುದು ಟೀಚರಮ್ಮನ ಕೆಲಸ. ಶಿಶುವಿಹಾರದಿಂದ ನಿವೃತ್ತರಾದ ಮೇಲೆ ಒಪ್ಪಿಕೊಂಡದ್ದು. ಜಾಹೀರಾತು ಮುಚ್ಚುವ ಗುರುತು ಸಾಸಿವೆಯಷ್ಟಿದ್ದರೆ ಮುಲಾಜಿಲ್ಲದೆ ಅಂಕ ಕತ್ತರಿಸುವರು. "ಮಗು ಬೆರಳೇನು ಸೂಜೀನಾ?" ಎಂದು ಟ್ಯಾಬನ್ನೇ ಗದರುವರು. ಈ ಕಂಪನಿಗಳ ಆಟವನ್ನೆಲ್ಲ ಕಂಡು ರೋಸಿಹೋಗಿ, ಮನೆಗೆ ಗುಂಡಿ ಒತ್ತುವ ಹಳೇ ಫೋನೇ ಸಾಕು ಎಂದು ಕೂತಿದ್ದರು.

ಆ ದಿನ ಬಂದದ್ದು ಅಕ್ಷರ ಕಲಿಸುವ ಗುಬ್ಬಿ ಆ್ಯಪಿನ ಹೊಸ ಆವೃತ್ತಿ. ಗುಬ್ಬಿಗೆ ದನಿ ಕೊಟ್ಟವಳು ಟೀಚರಮ್ಮನ ಒಬ್ಬಳೇ ಮಗಳು. ಹೋದ ವರ್ಷ ಕಾಯಿಲೆಯಲ್ಲಿ ತೀರಿಕೊಂಡಳು.

"ಇದನ್ನ ಬೇರೆಯವರ ಕೈಲಿ ನೋಡಿಸ್ಲಾ?" ಎಂದರು ಗ್ರಂಥಪಾಲಕರು, ಮೆಲ್ಲಗೆ.

"ಯಾಕೆ, ನನ್ನ ಕಣ್ಣಿಗೇನಾಗಿದೆ?"

ಪಾಸಾದರೆ ಮಗಳ ದನಿ ಈ ಕೋಣೆಯಲ್ಲಿ ದಿನವೂ ಕೇಳುತ್ತದೆ. ಇಲ್ಲವಾದರೆ ಅಳಿಸಬೇಕು. ಪಾಸಾಗಲಿ ಎಂದು ಆ ತಾಯಿಯ ಜೀವ ಹಪಹಪಿಸುತ್ತಿತ್ತು, ಸುಳ್ಳೇಕೆ?

ಪಾಠ ಚೊಕ್ಕ. 'ಕ'ಕ್ಕೂ 'ಖ'ಕ್ಕೂ ಇರುವ ವ್ಯತ್ಯಾಸ ಮಗಳ ಬಾಯಲ್ಲಿ ಸ್ಪಷ್ಟವಾಗಿತ್ತು, ಪೂರ್ತಿ ಅಂಕ. ಗುಬ್ಬಿಗೆ ದುಡ್ಡು ಕೊಟ್ಟು ಚಿನ್ನದ ಗರಿ ಕೊಳ್ಳಲು ಹೋದರೆ ದೊಡ್ಡವರ ಪಾಸ್‌ವರ್ಡ್ ಕೇಳುತ್ತಿತ್ತು, ಸರಿ. ಉಡುಗೊರೆ ಡಬ್ಬಿಯ ವೇಷದಲ್ಲಿ ಒಂದು ಜಾಹೀರಾತು ಅಡಗಿತ್ತು, ಅಂಕ ಕತ್ತರಿಸಿದರು. ಆದರೂ ದಡ ಸೇರಬಹುದಿತ್ತು.

ಕೊನೆಗೆ, ಮಗು ತಾನಾಗಿ ಆಟ ಬಿಟ್ಟೇಳುತ್ತದೆಯೇ ಎಂದು ನೋಡಲು, ಪುಸ್ತಕ ಓದಲು ಬಂದಿದ್ದ ಒಬ್ಬ ಪುಟ್ಟ ಹುಡುಗಿಯನ್ನು ಕೂರಿಸಿದರು. ಮುಚ್ಚುವ ಗುರುತು ಒತ್ತಿದ ಕೂಡಲೇ ಗುಬ್ಬಿ ಬಿಕ್ಕಿತು: "ಹೋಗ್ಬೇಡ, ಇನ್ನೊಂಚೂರು ಇರು." ಕೆಳಗೆ ದೊಡ್ಡ ಹಸಿರು ಅಕ್ಷರದಲ್ಲಿ 'ಇರ್ತೀನಿ', ಪಕ್ಕದಲ್ಲಿ ಮಾಸಿದ ಸಣ್ಣ ಅಕ್ಷರದಲ್ಲಿ 'ಹೋಗ್ತೀನಿ'.

ಟೀಚರಮ್ಮನಿಗೆ ಆ ಮಾತು ಗೊತ್ತಿತ್ತು. ಕಾಳು ತರಲು ಹೊರಟ ತಾಯಿಗೆ ಮರಿಗುಬ್ಬಿ ಹೇಳುವ ಮಾತದು. ಹಳೆಯ ಆವೃತ್ತಿಯ ಕಥೆಗಾಗಿ ಮಗಳು ಅಡುಗೆಮನೆಯಲ್ಲಿ ಅಮ್ಮನ ಸೆರಗು ಹಿಡಿದು ಅಭ್ಯಾಸ ಮಾಡಿದ್ದಳು. ಈಗ ಕಂಪನಿಯವರು ಅದನ್ನು ಕಿತ್ತು ತಂದು, ಆಟ ಬಿಟ್ಟೇಳುವ ಬಾಗಿಲಿಗೆ ಕಾವಲು ನಿಲ್ಲಿಸಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ.

"ಪುಟ್ಟೀ, ಸಾಕು, ಏಳಮ್ಮ."

"ಅದು ಅಳ್ತಿದೆ ಅಜ್ಜಿ. ನಾನು ಹೋದ್ರೆ ಪಾಪ ಅಲ್ವಾ?" ಮಗು ಮತ್ತೆ ಹಸಿರನ್ನೇ ಒತ್ತಿತು. ಕರೆಯಲು ಬಂದ ಅದರಮ್ಮ ಕೊನೆಗೆ ಎತ್ತಿಕೊಂಡೇ ಹೋಗಬೇಕಾಯಿತು. ಮಗುವಿನ ಅಳು ಮೆಟ್ಟಿಲಿನವರೆಗೂ ಕೇಳಿಸಿತು.

ಟೀಚರಮ್ಮ ಬರೆದರು: "ಬಿಟ್ಟು ಏಳುವ ಮಗುವಿಗೆ ತಪ್ಪು ಮಾಡಿದೆನೆಂಬ ಭಾವ ಹುಟ್ಟಿಸಿ ಪರದೆಯ ಮುಂದೆ ಕೂರಿಸಿಕೊಳ್ಳುತ್ತದೆ. ಶಿಫಾರಸು ಮಾಡುವುದಿಲ್ಲ." ಸಹಿ ಹಾಕಿ ಹಾಳೆಯನ್ನು ಮುಂದೆ ಸರಿಸಿದರು.

ಗ್ರಂಥಪಾಲಕರು ಓದಿ, ಉಳಿದ ಟ್ಯಾಬ್‌ಗಳಿಂದ ಗುಬ್ಬಿಯನ್ನು ಒಂದೊಂದಾಗಿ ಅಳಿಸಿ ಬಂದರು. "ಬೇರೆ ಟ್ಯಾಬ್‌ಗಳದ್ದು ತೆಗೆದಾಯ್ತು. ಇದನ್ನೂ ನಾನೇ ತೆಗೀಲಾ?"

"ಬೇಡ, ನಾನೇ ತೆಗೀತೀನಿ. ನೀವು ಹೊರಡಿ."

ಅವರು ಹೊರಗೆ ಹೋದ ಮೇಲೆ ಟೀಚರಮ್ಮ ಗುಬ್ಬಿಯನ್ನು ಕೊನೆಯ ಸಲ ತೆರೆದರು. ಮುಚ್ಚಲು ಒತ್ತಿದರು.

"ಹೋಗ್ಬೇಡ, ಇನ್ನೊಂಚೂರು ಇರು."

"ಇರ್ತೀನಿ ಕಣೇ," ಎನ್ನುತ್ತಾ ಅವರು ಹಸಿರನ್ನು ಒತ್ತಿದರು.