ಹೊಂಗಡಹಳ್ಳದ ಚೀಟಿ

ನಿಘಂಟಿನ ಕಚೇರಿಯಲ್ಲಿ ಆರು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಹಳೆಯ ಪುಸ್ತಕಗಳಿಂದ ವಾಕ್ಯ ಎತ್ತಿ ಚೀಟಿಗೆ ಬರೆಯುವುದು. ಕತ್ತು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಸಾಕಪ್ಪಾ ಸಾಕು ಅನ್ನಿಸಿತ್ತು. ಅರವತ್ತರ ದಶಕದ ಮೊದಲಲ್ಲಿ ಮುಖ್ಯ ಸಂಪಾದಕರು 'ಅರೆ' ಪದದ ಚೀಟಿಗಳ ಕಟ್ಟನ್ನು ನನ್ನ ಮುಂದಿಟ್ಟು, ಇದನ್ನು ನೀವೇ ತೀರ್ಮಾನ ಮಾಡಿ ಎಂದರು. ಸರಿಯಾಗಿ ಮಾಡಿದರೆ ಉಪಸಂಪಾದಕನ ಕುರ್ಚಿ. ಮಾಡದಿದ್ದರೆ ಮತ್ತೆ ಚೀಟಿ.

ತೀರ್ಮಾನ ಇಷ್ಟೇ. ಒಂದು ಪದಕ್ಕೆ ಹಲವು ಅರ್ಥವಿದ್ದರೆ ಒಂದೇ ಉಲ್ಲೇಖದಡಿ, ಎಂದರೆ ಒಂದೇ ತಲೆಪದದಡಿ, ಅರ್ಥಗಳಿಗೆ ಸಂಖ್ಯೆ ಹಾಕಬೇಕು. ರೂಪ ಮಾತ್ರ ಒಂದಾಗಿ, ಪದಗಳೇ ಬೇರೆಯಾಗಿದ್ದರೆ ಬೇರೆ ಬೇರೆ ಉಲ್ಲೇಖ ಕೊಡಬೇಕು. ಬಂಡೆ ಎಂಬ ಅರ್ಥದ ಅರೆ ತೊಂದರೆ ಕೊಡಲಿಲ್ಲ. ಹಳಗನ್ನಡದಲ್ಲಿ ಅದು 'ಅಱೆ', ತಮಿಳಿನಲ್ಲೂ ಆ ಅಕ್ಷರವೇ ಬೇರೆ. ಅದು ಪ್ರತ್ಯೇಕ. ಉಳಿದದ್ದು ಅರ್ಧ ಎಂಬ ಅರೆ, ರುಬ್ಬು ಎಂಬ ಅರೆ. ಎರಡಕ್ಕೂ ಹಳಗನ್ನಡದಲ್ಲಿ ಸಾಮಾನ್ಯ ರಕಾರವೇ, ತಮಿಳಿನಲ್ಲೂ ಒಂದೇ ರೂಪ. ಒಂದು ನಾಮ, ಇನ್ನೊಂದು ಕ್ರಿಯೆ ಎನ್ನುವಷ್ಟಕ್ಕೇ ಬೇರೆ ಮಾಡಕೂಡದು ಎಂದು ಸಂಪಾದಕರೇ ಹೇಳಿದ್ದರು. ನನಗೆ ಆಸೆ ಹುಟ್ಟಿತು. ಅರೆದರೆ ಕಾಳು ಒಡೆದು ಅರ್ಧವಾಗುತ್ತದೆ, ಆದ್ದರಿಂದ ಎರಡೂ ಒಂದೇ ಪದ. ಯಾರೂ ಹೇಳದ ಮಾತು! ಬೇಕಾಗಿದ್ದುದು ಸೇತುವೆಯಂಥ ಒಂದು ಪ್ರಯೋಗ, ಎರಡರ್ಥವೂ ಕೂಡುವ ಒಂದು ವಾಕ್ಯ. ಪುಸ್ತಕಗಳಲ್ಲಿ ಸಿಗಲಿಲ್ಲ. ಆಡುಮಾತಿನಲ್ಲಿ ಸಿಕ್ಕೀತೆಂದು ಸಕಲೇಶಪುರದ ಬಸ್ಸು ಹತ್ತಿದೆ.

ಹೊಂಗಡಹಳ್ಳದ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ನನಗೆ ಮಲಗಲು ಸ್ಟೋರಿನ ಪಕ್ಕ ಜಾಗ ಕೊಟ್ಟರು. ಅವರ ಅಡಿಗೆಮನೆಯಲ್ಲಿ ಖಾರ ಅರೆಯುತ್ತಿದ್ದುದು ಕೂಲಿಯವರ ಲೈನಿನ ಒಬ್ಬ ಅಜ್ಜಿ. ಮೂರು ದಿನ ಆಕೆಯ ಕಲ್ಲಿನ ಮುಂದೆ ಕೂತೆ. ಕಾಲಿಗೆ ಜಿಗಣೆ, ಮೈಗೆ ಜ್ವರ. ಅರ್ಧ ಅರೆದ ಖಾರಕ್ಕೆ ಏನಂತೀರಿ ಎಂದರೆ 'ತರಿ' ಎನ್ನುತ್ತಿದ್ದಳು. ಬೇರೆ ಹೆಸರಿಲ್ಲವೇ, 'ಅರೆ' ಅನ್ನುವುದಿಲ್ಲವೇ ಎಂದು ಬೆಳಿಗ್ಗೆ ಕೇಳಿದೆ, ಸಂಜೆ ಕೇಳಿದೆ. ಮೂರನೆಯ ದಿನ ಆಕೆ, ಹೂಂ, ಅದನ್ನ ಅರೆ ಅಂತಾನೂ ಅಂತೀವಿ ಎಂದಳು. ಕೂಡಲೇ ಚೀಟಿ ಬರೆದುಕೊಂಡೆ. ನಿಮ್ಮ ಮಾತು ದೊಡ್ಡ ಪುಸ್ತಕದಲ್ಲಿ ಬರುತ್ತದೆ ಅಜ್ಜಿ ಎಂದೂ ಹೇಳಿದೆ.

ಚೀಟಿಯನ್ನು ಹೇಳಿದವರಿಗೇ ಓದಿ ಒಪ್ಪಿಸಿ ಹೊರಡಬೇಕೆಂಬುದು ನಮ್ಮ ಕಚೇರಿಯ ಪದ್ಧತಿ. ಮಾರನೆಯ ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ಓದಿದೆ. ಅಜ್ಜಿ ಗುಂಡುಕಲ್ಲು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅದನ್ನ ಬರ್ದೇ ಬುಟ್ರಾ ಮೇಷ್ಟ್ರೇ? ನಮ್ಮಲ್ಲಿ ಯಾರೂ ಅಂಗನ್ನಲ್ಲ ಕಣ್ರೀ. ಮೂರು ದಿನದಿಂದ ಅದನ್ನೇ ಕೇಳ್ತಿದ್ರಿ, ಮೊಕ ಬಾಡೋಗಿತ್ತು. ಹೂಂ ಅಂದ್ರೆ ಊರಿಗೋಗಿ ಮಲಗ್ತಾರೆ ಪಾಪ ಅಂತ ಅಂದ್ಬುಟ್ಟೆ."

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಆಕೆಯ ಮೇಲಲ್ಲ. ಆಕೆ ಮತ್ತೆ ಅರೆಯತೊಡಗಿದಳು; ನುಣ್ಣಗೆ ಅರೆದ್ರೇನೇ ಸಾರಿಗೆ ರುಚಿ ಎಂದಳು. ಅದು ನಾನು ಕೇಳಿ ಹೇಳಿಸಿದ ಮಾತಲ್ಲ. ಅದನ್ನೂ ಒಂದು ಚೀಟಿಗೆ ಬರೆದು ಅಲ್ಲೇ ಓದಿ ಒಪ್ಪಿಸಿದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಮೊದಲ ಚೀಟಿ ಸುಳ್ಳೆಂದು ನನಗೊಬ್ಬನಿಗೇ ಗೊತ್ತು. ಇನ್ನೊಮ್ಮೆ ಪರೀಕ್ಷಿಸಲು ಈ ಕಾಡಿಗೆ ಯಾರು ಬರುತ್ತಾರೆ? ಆದರೂ ಆಲೂರಿನಲ್ಲಿಳಿದು ಕುಂದೂರಿನ ನಾಲ್ಕು ಮನೆಗಳಲ್ಲಿ, ಈ ಸಲ ಪದದ ಹೆಸರೆತ್ತದೆ, ಒರಳಲ್ಲಿದ್ದುದನ್ನು ತೋರಿಸಿ ಕೇಳಿದೆ. ನಾಲ್ಕರಲ್ಲೂ ತರಿ. ನಾನು ಬೇಕೆಂದೇ ಕಡೆಗಣಿಸಿದ್ದೂ ಆಗ ಕಣ್ಣಿಗೆ ಬಿತ್ತು. ಅರ್ಧದ ಕಡೆಯವು ಅರೆನಿದ್ದೆ, ಅರೆಬರೆ, ಅರೆಕಾಸು. ಅಲ್ಲೆಲ್ಲ ಅರೆಯ ಜಾಗದಲ್ಲಿ 'ಅರ್ಧ' ಇಟ್ಟು ಅರ್ಥ ಹೇಳಬಹುದು. ರುಬ್ಬುವ ಕಡೆಯವು ಅರೆದ, ಅರೆಸಿದ. ಅಲ್ಲಿ 'ಅರ್ಧ' ಒಗ್ಗುವುದೇ ಇಲ್ಲ. ಒಂದರ ಮಕ್ಕಳು ಇನ್ನೊಂದರ ಮನೆಗೆ ಕಾಲಿಟ್ಟಿಲ್ಲ.

ಆ ಸುಳ್ಳು ಚೀಟಿಯ ಹಿಂಬದಿಯಲ್ಲಿ 'ಒತ್ತಾಯಿಸಿ ಹೇಳಿಸಿದ್ದು' ಎಂದು ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಎರಡೂ ಬದಿ ಓದಿದರು. ಯಾರು ಒತ್ತಾಯಿಸಿದ್ದು ಎಂದರು. ನಾನೇ ಎಂದೆ. ಪ್ರತ್ಯೇಕ ಉಲ್ಲೇಖ ಬರೆದು ತನ್ನಿ ಎಂದರು, ಅಷ್ಟೇ. ಕುರ್ಚಿ ಇನ್ನೊಬ್ಬರಿಗೆ ಹೋಯಿತು. ನಾನು ಮತ್ತೆ ಚೀಟಿ ಬರೆಯುತ್ತಾ ಕೂತೆ.

ಸಂಪುಟ ಅಚ್ಚಾಗಿ ಬಂದಾಗ ಮೊದಲು ತೆರೆದದ್ದು ಆ ಪುಟವನ್ನೇ. ರುಬ್ಬು ಎಂಬ ಅರ್ಥದ ಕೆಳಗೆ, ಆಡುಮಾತು ಎಂಬ ಗುರುತಿನ ಮುಂದೆ, 'ನುಣ್ಣಗೆ ಅರೆದ್ರೇನೇ ಸಾರಿಗೆ ರುಚಿ' ಎಂದಿತ್ತು. ಆ ಪುಟವನ್ನು ಎಸ್ಟೇಟಿಗೆ ಒಯ್ದು ಓದಿ ಹೇಳಬೇಕೆಂದು ಹೊರಟೆ. ಲೈನಿನಲ್ಲಿ ಅಜ್ಜಿ ಇರಲಿಲ್ಲ; ಹೋದ ಬೇಸಿಗೆಯಲ್ಲೇ ತೀರಿಕೊಂಡಳು ಎಂದರು. ಕೊನೆಯ ತನಕ ಆಕೆ ಕೇಳುತ್ತಿದ್ದುದು ಒಂದೇ ಅಂತೆ: ಆ ಮೇಷ್ಟ್ರಿಗೆ ಜ್ವರ ಬಿಡ್ತಾ?