ತೊಗರಿ ಹೊಲದ ಹಾಡು ಜರ್ಮನಿಗೆ ಹೋದದ್ದು

ಮುಂಡರಗಿಯಲ್ಲಿ ನಮ್ಮದೇ ಹಿಟ್ಟಿನ ಗಿರಣಿ ಇದೆ. ಆದರೂ ಆ ದಿನ ನಾನು ಮತ್ತು ನಮ್ಮಕ್ಕ ಪಡಸಾಲೆಯಲ್ಲಿ ಎದುರುಬದುರು ಕುಳಿತು, ಬೀಸುಕಲ್ಲಿನ ಒಂದೇ ಗೂಟ ಹಿಡಿದು ತೊಗರಿ ಒಡೆಯುತ್ತಿದ್ದೆವು. ಗಿರಣಿಯಲ್ಲಿ ಒಡೆದ ಬೇಳೆಗೆ ರುಚಿ ಇರುವುದಿಲ್ಲ ಎಂಬುದು ಅಕ್ಕನ ತಕರಾರು. ಅದಕ್ಕೇ ಶಿರಹಟ್ಟಿಯಿಂದ ಬಸ್ಸಿನಲ್ಲಿ ತೊಗರಿ ಚೀಲ ಹೊತ್ತು ತಂದಿದ್ದಳು.

"ಗಿರಣಿ ಸಾವಕಾರ್ತಿ, ಕೈ ನೋಯ್ತಾವೇನ? ನೊಂದ್ರ ನೋಯ್ಲಿ, ಬೀಸು" ಅಂದಳು. ಆಮೇಲೆ ಹಾಡು ಎತ್ತಿದಳು.

ತವರಿನ ದಾರ್ಯಾಗ ತೊಗರೀಯ ಹೊಲ ಹೂತು
ಸವದಂಥ ಕಾಲು ಹಗುರಾದ್ವ | ಹಡೆದವ್ವ
ಅವರೀಯ ಒಲಿಗೆ ಇಟ್ಟಾಳ

ಅದು ಅಕ್ಕ ತಾನೇ ಕಟ್ಟಿಕೊಂಡ ಹಾಡು. ಸಂಜೆಯ ಬಸ್ಸಿಗೆ ಬೇಳೆ ಹೊತ್ತು ಹೋದಳು. ಮರುದಿನ ಮುಂಜಾನೆ ಎದೆ ನೋವು ಅಂದಳಂತೆ. ಗದಗಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕ ಇರಲಿಲ್ಲ. ಆ ಬೇಳೆಯಲ್ಲಿ ಅವಳು ಒಂದು ದಿನವೂ ಸಾರು ಮಾಡಲಿಲ್ಲ.

ಅಕ್ಕನ ಮಗಳು ಸುಮಾ ಗದಗಿನಲ್ಲಿ ನರ್ಸಿಂಗ್ ಕಲಿತು, ಜರ್ಮನ್ ಪರೀಕ್ಷೆ ಪಾಸಾಗಿ, ಈಗ ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಇದ್ದಾಳೆ. ದಿನಕರ್ಮಕ್ಕೆ ಬಂದು ಹೋದ ಮೇಲೆ ಒಂದು ಭಾನುವಾರ ಫೋನ್ ಮಾಡಿದಳು. ಹಿಲ್ಡಾ ಎಂಬ ಅಜ್ಜಿಗೆ ತಲೆ ಬಾಚುವಾಗ ಇವಳಿಗೆ ಗೊತ್ತಿಲ್ಲದೇ ಅವ್ವನ ಹಾಡು ಬಾಯಿಗೆ ಬಂದಿದೆ. "ಏನದರ ಅರ್ಥ? ನನಗೂ ಕಲಿಸು, ಹಾಡುತ್ತೇನೆ" ಎಂದು ಅಜ್ಜಿ ಗಂಟುಬಿದ್ದಿದ್ದಾಳೆ.

"ಚಿಗವ್ವಾ, ಬರೇ ಅರ್ಥ ಹೇಳಿದ್ರ ಆಗೂದಿಲ್ಲ. ಅಕಿ ಹಾಡಾಕ ಬರೂಹಂಗ ಆಗಬೇಕು. ಅವ್ವನ ಹಾಡು ನನ್ನ ಬಾಯಾಗ ಒಂದ ಉಳದು ಸಾಯಬಾರದು" ಅಂದಳು.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಜರ್ಮನ್ ಎಂದರೆ ನನಗೆ ಅಡುಗೆಮನೆಯ ಅಲ್ಯುಮಿನಿಯಂನ ಜರ್ಮನ್ ಪಾತ್ರೆ ಮಾತ್ರ ಗೊತ್ತಿತ್ತು. ಆದರೂ ಭಾನುವಾರ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಫೋನಿನಲ್ಲಿ ಈ ಕೆಲಸಕ್ಕೆ ಕುಳಿತೆವು. ಅರ್ಥ ನನ್ನದು, ಜರ್ಮನ್ ಅವಳದು, ಹಾಡಿ ನೋಡುವ ಬಾಯಿ ಹಿಲ್ಡಾ ಅಜ್ಜಿಯದು.

ಮೊದಲ ಮಾತಿಗೇ ಗಾಡಿ ನಿಂತಿತು. ತವರು. ತಂದೆತಾಯಿಯ ಮನೆ ಎನ್ನಲು ಅವರಲ್ಲಿ ಒಂದು ಮಾತಿದೆಯಂತೆ, ಆದರೆ ಅದು ಮಗನಿಗೂ ಮಗಳಿಗೂ ಒಂದೇ. ಲಗ್ನವಾಗಿ ಹೋದವಳ ಹಂಬಲ ಅದರಲ್ಲಿಲ್ಲ. ಸುಮಾ ತಾಯಿಗೂ ಮನೆಗೂ ಗಂಟು ಹಾಕಿ ತಾನೇ ಒಂದು ಮಾತು ಮಾಡಿದಳು. ಹಿಲ್ಡಾ ಅಜ್ಜಿ ಹೊಟ್ಟೆ ಹಿಡಿದು ನಕ್ಕಳಂತೆ. ಆ ಹೆಸರಿನಿಂದ ಕರೆಯುವುದು ಅಲ್ಲಿ ಸನ್ಯಾಸಿನಿಯರ ಮಠವನ್ನು! ನಕ್ಕು ಮುಗಿದ ಮೇಲೆ ಅಜ್ಜಿಯೇ ತನ್ನ ಹಳ್ಳಿಯ ಮಾತೊಂದನ್ನು ಕೊಟ್ಟಳು. "ಹೈಮ್‌ತ್ಸು." ಮನೆಯ ಕಡೆಗೆ ಎಂದರ್ಥ. ಹುಡುಗಿಯಾಗಿದ್ದಾಗ ಬೇರೆಯವರ ಹೊಲಮನೆಯಲ್ಲಿ ದುಡಿಯಲು ಹೋಗಿದ್ದಳಂತೆ, ತಾಯಿಯ ಹತ್ತಿರ ಹೊರಟಾಗ ಹಾಗೆ ಅನ್ನುತ್ತಿದ್ದಳಂತೆ. ತವರು ಎಂಬ ಹೆಸರು ಸಿಗಲಿಲ್ಲ, ಅದರ ದಾರಿ ಸಿಕ್ಕಿತು. ಹಾಡಿನಲ್ಲಿ ಇರುವುದೂ ದಾರಿಯೇ ತಾನೆ?

ತೊಗರಿಯದು ಇನ್ನೊಂದು ಫಜೀತಿ. ಶಬ್ದಕೋಶದಲ್ಲಿ ಅದಕ್ಕೆ ಪಾರಿವಾಳದ ಬಟಾಣಿ ಎಂಬರ್ಥದ ಹೆಸರು ಇದೆಯಂತೆ.

"ನಾವೇನ ಪಾರಿವಾಳ ಏನ್ಲೇ, ದಿನಾ ಅದನ್ನ ಉಣ್ಣಾಕ?" ಅಂದೆ.

ಅಲ್ಲಿ ಸಾಸಿವೆಯಂಥ ಒಂದು ಬೆಳೆ ವಸಂತದಲ್ಲಿ ಹಳದಿಯಾಗಿ ಹೂಬಿಡುತ್ತದೆ, ಅದನ್ನೇ ಹಾಕಲೇ ಎಂದು ಸುಮಾ ಕೇಳಿದಳು. ನನಗೆ ಮನಸ್ಸಾಗಲಿಲ್ಲ. ಅಕ್ಕ ನಡೆದ ದಾರಿಯಲ್ಲಿ ಮತ್ತೊಬ್ಬರ ಬೆಳೆ ಬಿತ್ತುವುದು ಹೇಗೆ? ಕೊನೆಗೆ ಬೆಳೆಯ ಹೆಸರು ಬಿಟ್ಟು ಬರೀ ಹಳದಿ ಹೊಲ ಉಳಿಸಿದೆವು. ನನಗೆ ಅದರಲ್ಲಿ ಕಪ್ಪತಗುಡ್ಡದ ಕೆಳಗಿನ ತೊಗರಿ ಕಾಣಲಿ, ಅಜ್ಜಿಗೆ ಅವಳದು ಕಾಣಲಿ.

ಆಮೇಲೆ ಲಯ. ಸಾಲಿನ ಅಕ್ಷರ ಎಣಿಸಿ ಅಷ್ಟೇ ಅಕ್ಷರ ಜರ್ಮನ್ನಿನಲ್ಲಿ ಕೂಡಿಸಲು ಸುಮಾ ಒದ್ದಾಡಿದಳು. ಅವರಲ್ಲಿ ಪ್ರತಿ ಹೆಸರಿನ ಮುಂದೂ ದೀ, ದಾಸ್ ಎಂದು ಒಂದೊಂದು ಬಾಲಂಗೋಚಿ ಬರುತ್ತದೆ. ಅದೇ ಅರ್ಧ ಜಾಗ ತಿನ್ನುತ್ತಿತ್ತು. ನಾನು ಖಾಲಿ ಬೀಸುಕಲ್ಲು ತಿರುಗಿಸುತ್ತ ನನ್ನ ಪಾಲಿನ ಸಾಲಷ್ಟೇ ಹಾಡಿ ತೋರಿಸಿದೆ. ಆಗ ಇಬ್ಬರಿಗೂ ತಿಳಿಯಿತು. ನಮ್ಮ ಹಾಡು ಅಕ್ಷರವನ್ನು ಎಳೆದು ಬೀಸುತ್ತದೆ. ಅವರ ಮಾತು ಒನಕೆಯ ಹಾಗೆ ಒಂದೊಂದು ಕಡೆ ಕುಟ್ಟಿ ಹೇಳುತ್ತದೆ. ಎಣಿಸಬೇಕಾದದ್ದು ಆ ಪೆಟ್ಟುಗಳನ್ನು. ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಕೊನೆಯದಕ್ಕೆ ಮೂರು. ದೀ, ದಾಸ್‌ಗಳು ಪೆಟ್ಟಿನ ನಡುವೆ ತೌಡಿನಂತೆ ಹಾರಿಕೊಂಡು ಹೋಗುತ್ತವೆ, ಹೋಗಲಿ.

ಇಷ್ಟಾದರೂ ಹಾಡು ಕೂಡಲಿಲ್ಲ, ಏಕೆಂದರೆ ಬೀಸುವ ಹಾಡು ನೆಟ್ಟಗೆ ಹೋಗುವುದಿಲ್ಲ. ಎರಡನೆಯ ಸಾಲಿನಲ್ಲಿ 'ಹಗುರಾದ್ವ' ಎಂಬಲ್ಲಿ ನಿಂತು, ಹಿಂದಕ್ಕೆ ಬಂದು, ಆ ಸಾಲನ್ನೇ ಮತ್ತೆ ಹಿಡಿದು, 'ಹಡೆದವ್ವ' ಎಂದು ಮುಂದಿನ ಸಾಲಿಗೆ ದಾಟಬೇಕು. ಹಡೆದವ್ವ ಇರುವುದು ಎರಡನೆಯ ಸಾಲಿನ ಕೊನೆಗೆ, ಸೇರಿದ್ದು ಮೂರನೆಯದಕ್ಕೆ. ಜರ್ಮನ್ನಿನಲ್ಲೂ ಆ ಜಾಗದಲ್ಲಿ ಮಾತು ಮುಗಿಯಬೇಕು, ತಾಯಿ ಮಾತ್ರ ಹೊಸ್ತಿಲ ಮೇಲೆ ನಿಂತಿರಬೇಕು. ಸುಮಾ ಅದನ್ನು ಸಾಧಿಸಿದಳು. ಆದರೆ ಮೂರನೆಯ ಸಾಲಿಗೆ ಒಂದು ಪೆಟ್ಟು ಕಡಿಮೆ ಬಿತ್ತೆಂದು ಕೊನೆಗೆ 'ನನಗಾಗಿ' ಎಂದು ಸೇರಿಸಿದಳು. ನನಗೆ ಸಿಟ್ಟು ಬಂತು.

"ನಿಮ್ಮವ್ವ ಎಂದರ ಹಂಗ ಅಂದಾಳೇನ? ನಿನಗಂತ ಇಟ್ಟೀನಿ, ನಿನಗಂತ ಮಾಡೀನಿ ಅಂತ?"

"ಇಲ್ಲ. 'ಉಣ್ಣು, ಇಲ್ಲಂದ್ರ ನಾಯಿಗಿ ಹಾಕ್ತೀನಿ' ಅಂತಿದ್ಲು" ಎಂದು ಸುಮಾ ನಕ್ಕಳು. ಆಮೇಲೆ ಅತ್ತಳು. ನಾನೂ ಅತ್ತೆ. ಆ ಭಾನುವಾರ ಕೆಲಸ ಮುಂದೆ ಸಾಗಲಿಲ್ಲ.

ಮುಂದಿನ ವಾರ 'ನನಗಾಗಿ' ಹೋಗಿ, ಕೊನೆಗೆ ಕ್ರಿಯಾಪದ ಬಂದು ಕುಳಿತಿತ್ತು, ನಮ್ಮ 'ಇಟ್ಟಾಳ' ಕುಳಿತ ಹಾಗೆಯೇ. ಅವರ ಭಾಷೆಯಲ್ಲೂ ಕೆಲವು ಸಲ ಹೀಗೆ ಕೊನೆಯ ಮಾತು ಕೊನೆಗೇ ಬರುತ್ತದಂತೆ.

ಹೈಮ್‌ತ್ಸು ಆಮ್ ವೇಗೆ, ದಾ ಬ್ಲ್ಯೂಟ್ ಗೆಲ್ಪ್ ದಾಸ್ ಫೆಲ್ಟ್
ದೀ ಮ್ಯೂಡನ್ ಫ್ಯೂಸೆ ಗೇನ್ ಲೈಷ್ಟ್ | ದೀ ಮುಟರ್
ಹಾಟ್ ಬೋನನ್ ಆಮ್ ಫೊಯರ್ ಷ್ಟೇನ್

ಮನೆಯ ಕಡೆ ದಾರಿಯಲ್ಲಿ ಹಳದಿಯಾಗಿ ಹೂತಿದೆ ಹೊಲ, ದಣಿದ ಕಾಲು ಹಗುರಾಗಿ ನಡೆದಿವೆ, ತಾಯಿ ಬೆಂಕಿಯ ಮೇಲೆ ಕಾಳು ಇಟ್ಟಿದ್ದಾಳೆ. ಅಕ್ಕನ ತವರು, ಸವದು, ಅವರಿ ಎಂಬ ಪ್ರಾಸ ಹೋಯಿತು. ಅದರ ಬದಲು ಹೊಲ, ಕಾಲು, ಬೆಂಕಿ ಮೂರಕ್ಕೂ ಅವರಲ್ಲಿ ಫ ಅಕ್ಷರವೇ ಮೊದಲು ಬಂದು, ಸಾಲಿಗೊಂದು ಸಿಕ್ಕಿತು. 'ಹಡೆದ' ಎಂಬುದು ಹೋಯಿತು. ಅದಕ್ಕೆ ಬದಲು ಏನೂ ಸಿಗಲಿಲ್ಲ.

ಮೊನ್ನೆ ಸುಮಾ ವಿಡಿಯೋ ಕರೆ ಮಾಡಿದಳು. ಅಜ್ಜಿಯ ತಲೆ ಬಾಚುತ್ತ ಮೊದಲ ಸಾಲು ಎತ್ತಿದಳು. 'ಲೈಷ್ಟ್' ಎಂದು ನಿಂತಾಗ, ಅಜ್ಜಿ ನಡುಗುವ ದನಿಯಲ್ಲಿ ಸರಿಯಾಗಿ ಅಲ್ಲೇ ಆ ಸಾಲನ್ನು ಮತ್ತೆ ಹಿಡಿದಳು. ಅದು ನನ್ನ ಜಾಗ. ಅಕ್ಕ ಎತ್ತುತ್ತಿದ್ದಳು, ಅಲ್ಲಿಂದ ನಾನು ಹಿಡಿಯುತ್ತಿದ್ದೆ. ಯಾವ ಹಾಡಾದರೂ ಚಿಕ್ಕಂದಿನಿಂದಲೂ ಹಾಗೇ.

"ಚಿಗವ್ವಾ, ಈಗ ನೀ ಕನ್ನಡದಾಗ ಹಾಡು, ಅಜ್ಜಿ ಕೇಳ್ತಾಳ" ಅಂದಳು ಸುಮಾ.

ಬೀಸುಕಲ್ಲಿನ ಮುಂದೆ ಕುಳಿತು ಗೂಟ ಹಿಡಿದೆ. ಮಾತೆಲ್ಲ ನೆನಪಿದೆ, ಧಾಟಿಯೂ ನೆನಪಿದೆ. ಜರ್ಮನ್ನಿನಲ್ಲಿ ಈಗ ಆ ಹಾಡಿಗೆ ಇಬ್ಬರಿದ್ದಾರೆ. ನನಗೆ ಮೊದಲ ಸಾಲು ಎತ್ತಿಕೊಡುವವರು ಇಲ್ಲ.